ಒಂದು ಕ್ಲಿಕ್ಕಿಗೆ ಸಿಗದ ತಂತಿ

ಹೊಲದ ಬದುವಿನ ಮೇಲೆ ನಿಂತು ನೀವು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದೀರಿ ಎಂದಿಟ್ಟುಕೊಳ್ಳಿ. ಮಧ್ಯದಲ್ಲಿ ಒಂದು ವಿದ್ಯುತ್ ಕಂಬ, ಅದರಿಂದ ಹೊರಟು ಆಕಾಶದಲ್ಲಿ ಓರೆಯಾಗಿ ಹಾದುಹೋಗುವ ಎರಡು ತಂತಿ, ಪಕ್ಕದಲ್ಲಿ ಮೇಯುತ್ತಿರುವ ಎಮ್ಮೆ, ಅದರ ಕಾಲ ಬಳಿ ಮೊಣಕಾಲುದ್ದದ ಹುಲ್ಲು. ಈ ಚಿತ್ರವನ್ನು ಗಣಕದಲ್ಲಿ ತೆರೆದು, ಈಚಿನ ಕೃತಕ ಬುದ್ಧಿಮತ್ತೆಯ ಆಯ್ಕೆ ಸಾಧನವೊಂದರಿಂದ ಎಮ್ಮೆಯ ಮೇಲೆ ಒಂದು ಸಲ ಕ್ಲಿಕ್ ಮಾಡುತ್ತೀರಿ. ಕಣ್ಣು ಮಿಟುಕಿಸುವುದರೊಳಗೆ ಕೊಂಬಿನಿಂದ ಗೊರಸಿನವರೆಗೆ ಎಮ್ಮೆಯಷ್ಟೇ ಬಣ್ಣ ಬಳಿದಂತೆ ಆಯ್ಕೆಯಾಗುತ್ತದೆ. ನಿಜಕ್ಕೂ ಚಂದದ ಕೆಲಸ. ಈಗ ತಂತಿಯ ಮೇಲೆ ಕ್ಲಿಕ್ ಮಾಡಿ. ಒಮ್ಮೆ ಇಡೀ ಆಕಾಶ ಆಯ್ಕೆಯಾಗುತ್ತದೆ. ಇನ್ನೊಮ್ಮೆ ತಂತಿ ಸಿಕ್ಕರೂ ಅಲ್ಲಲ್ಲಿ ಕಡಿದು, ದಾರದಲ್ಲಿ ಪೋಣಿಸಿದ ಮಣಿಗಳಂತೆ ಕಾಣುತ್ತದೆ. ಹುಲ್ಲಿನ ಮೇಲೆ ಕ್ಲಿಕ್ ಮಾಡಿದರೆ ಎಸಳುಗಳೆಲ್ಲ ಕೂಡಿ ಒಂದು ಕಂಬಳಿಯಾಗುತ್ತವೆ.

ಎಮ್ಮೆಯನ್ನು ಅಷ್ಟು ಚೆನ್ನಾಗಿ ಗುರುತಿಸಿದ ಯಂತ್ರಕ್ಕೆ ತಂತಿ ಏಕೆ ಸಿಗಲಿಲ್ಲ? ಸಣ್ಣದು, ಅದಕ್ಕೇ ಸಿಗಲಿಲ್ಲ ಎನ್ನುವುದು ಸುಲಭದ ಉತ್ತರ. ಅದು ಅರ್ಧ ಸತ್ಯ ಮಾತ್ರ. ಅದೇ ಚಿತ್ರದಲ್ಲಿ ದೂರದಲ್ಲಿ ಕುಳಿತ ಕಾಗೆ ತಂತಿಯ ಒಟ್ಟು ವಿಸ್ತೀರ್ಣಕ್ಕಿಂತ ಬಹಳ ಸಣ್ಣದಾಗಿದ್ದರೂ ಎಷ್ಟೋ ಸಲ ಸರಿಯಾಗಿ ಸಿಗುತ್ತದೆ. ತೆಳ್ಳಗಿರುವುದು ಬೇರೆ, ಸಣ್ಣದಿರುವುದು ಬೇರೆ. ಈ ಸಾಧನಗಳ ರಚನೆಯಲ್ಲಿ ತೆಳು ವಸ್ತುವಿಗೆ ಮೂರು ಕಡೆ ಅನ್ಯಾಯವಾಗುತ್ತದೆ. ಮೊದಲನೆಯದು ಚಿತ್ರವನ್ನು ನೋಡುವ ಜಾಲರಿಯಲ್ಲಿ, ಎರಡನೆಯದು ತರಬೇತಿಗೆ ಬಳಸಿದ ದತ್ತಾಂಶದಲ್ಲಿ, ಮೂರನೆಯದು ಫಲಿತಾಂಶಕ್ಕೆ ಅಂಕ ಕೊಡುವ ಕ್ರಮದಲ್ಲಿ. ಮೂರನೆಯದೇ ಹೆಚ್ಚು ಚಿಂತೆಗೆ ಕಾರಣವಾಗಬೇಕಾದದ್ದು. ಏಕೆಂದರೆ ತಪ್ಪು ನಡೆದಿದೆ ಎಂಬುದೇ ಅಲ್ಲಿ ಮರೆಯಾಗುತ್ತದೆ.

ಇಂಥ ಸಾಧನಗಳ ಪೈಕಿ ಹೆಚ್ಚು ಹೆಸರಾದದ್ದು ಮೆಟಾ ಕಂಪೆನಿಯ ಸಂಶೋಧಕರು 2023ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ 'ಸೆಗ್ಮೆಂಟ್ ಎನಿಥಿಂಗ್ ಮಾಡೆಲ್'. ಇದನ್ನು ಚಿಕ್ಕದಾಗಿ 'ಸ್ಯಾಮ್' ಎನ್ನುತ್ತಾರೆ. ಇದರ ರಚನೆ, ತರಬೇತಿಯ ವಿವರ, ಕ್ರಮವಿಧಿ ಎಲ್ಲವೂ ಬಹಿರಂಗವಾಗಿವೆ. ಹಾಗಾಗಿ ಒಳಗೆ ಏನು ನಡೆಯುತ್ತದೆ ಎಂದು ಊಹಿಸುವ ಅಗತ್ಯವಿಲ್ಲ, ನೋಡಿಯೇ ಹೇಳಬಹುದು. ಈ ವಿಮರ್ಶೆಗೆ ಅದನ್ನೇ ಆರಿಸಿಕೊಂಡಿರುವುದು ಆ ಕಾರಣಕ್ಕೆ. ಉಳಿದವುಗಳಿಗಿಂತ ಅದು ಕೆಟ್ಟದ್ದೆಂದಲ್ಲ.

ಮೊದಲು ಅದು ಕೆಲಸ ಮಾಡುವ ಬಗೆ. ನಾವು ಬಯಸುವುದು ಒಂದು 'ಮಾಸ್ಕ್'. ಅಂದರೆ ಚಿತ್ರದಷ್ಟೇ ಅಗಲ ಎತ್ತರದ ಇನ್ನೊಂದು ಪಟ. ಅದರಲ್ಲಿ ವಸ್ತುವಿಗೆ ಸೇರಿದ ಪ್ರತಿ ಪಿಕ್ಸೆಲ್‌ಗೆ 1, ಸೇರದ ಪ್ರತಿ ಪಿಕ್ಸೆಲ್‌ಗೆ 0. ಸ್ಯಾಮ್ ಈ ಪಟವನ್ನು ಎರಡು ಹಂತದಲ್ಲಿ ತಯಾರಿಸುತ್ತದೆ. ಮೊದಲ ಹಂತ ಬಹಳ ಭಾರದ್ದು. ಚಿತ್ರವನ್ನು ಅದರ ಉದ್ದನೆಯ ಬದಿ 1024 ಪಿಕ್ಸೆಲ್ ಆಗುವಂತೆ ಕುಗ್ಗಿಸಿ, 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರದ ಚೌಕಗಳಾಗಿ ಕತ್ತರಿಸಲಾಗುತ್ತದೆ. ಒಂದು ದೊಡ್ಡ ನರಜಾಲ ಪ್ರತಿ ಚೌಕವನ್ನೂ ಉಳಿದ ಚೌಕಗಳ ಹಿನ್ನೆಲೆಯಲ್ಲಿ ಓದಿ, ಆ ಚೌಕದಲ್ಲಿ ಏನಿದೆ ಎಂಬುದನ್ನು ಸಂಖ್ಯೆಗಳ ಒಂದು ಸರಣಿಯಾಗಿ ಬರೆದಿಡುತ್ತದೆ. ಎರಡನೆಯ ಹಂತ ಹಗುರವಾದದ್ದು. ನೀವು ಕ್ಲಿಕ್ ಮಾಡಿದ ಜಾಗ ಮತ್ತು ಅದು 'ಬೇಕು' ಎಂಬ ಕ್ಲಿಕ್ಕೋ 'ಬೇಡ' ಎಂಬ ಕ್ಲಿಕ್ಕೋ ಎಂಬ ಸುದ್ದಿಯನ್ನು ತೆಗೆದುಕೊಂಡು, ಬರೆದಿಟ್ಟ ಸರಣಿಗಳ ಜೊತೆ ತಾಳೆ ನೋಡಿ ಮಾಸ್ಕನ್ನು ಬಿಡಿಸುತ್ತದೆ. ಭಾರದ ಕೆಲಸ ಚಿತ್ರಕ್ಕೊಮ್ಮೆ ಮಾತ್ರ. ಆಮೇಲೆ ಎಷ್ಟು ಕ್ಲಿಕ್ ಮಾಡಿದರೂ ನಡೆಯುವುದು ಹಗುರ ಹಂತ ಮಾತ್ರ. ಕ್ಲಿಕ್ ಮಾಡಿದೊಡನೆ ಉತ್ತರ ಬರುವುದರ ಗುಟ್ಟು ಇದೇ.

ಒಂದು ಕ್ಲಿಕ್ಕಿಗೆ ಒಂದೇ ಅರ್ಥವಿರುವುದಿಲ್ಲ ಎಂಬುದನ್ನೂ ಇದರ ರಚನಕಾರರು ಗಮನಿಸಿದ್ದಾರೆ. ಎಮ್ಮೆಯ ಕೊಂಬಿನ ಮೇಲೆ ಕ್ಲಿಕ್ ಮಾಡಿದವರಿಗೆ ಬೇಕಾದದ್ದು ಕೊಂಬೋ, ತಲೆಯೋ, ಇಡೀ ಎಮ್ಮೆಯೋ? ಹೀಗಾಗಿ ಒಂದೇ ಕ್ಲಿಕ್ಕಿಗೆ ಯಂತ್ರ ಮೂರು ಮಾಸ್ಕ್‌ಗಳನ್ನು ಕೊಟ್ಟು, ಪ್ರತಿಯೊಂದಕ್ಕೂ ತಾನೇ ಒಂದು ಅಂಕ ಹಾಕುತ್ತದೆ. ಹೆಚ್ಚು ಅಂಕದ್ದನ್ನೇ ನಿಮಗೆ ತೋರಿಸುವುದು ವಾಡಿಕೆ. ಈ ಅಂಕವನ್ನು ನೆನಪಿನಲ್ಲಿಡಿ.

ಇನ್ನು ನಮ್ಮ ತಂತಿಯನ್ನು ಹಿಂಬಾಲಿಸೋಣ. ಫೋಟೋದ ಅಳತೆ 4000 x 3000 ಪಿಕ್ಸೆಲ್ ಎನ್ನಿ. ಅದರಲ್ಲಿ ತಂತಿಯ ದಪ್ಪ 6 ಪಿಕ್ಸೆಲ್. ಚಿತ್ರ 1024ಕ್ಕೆ ಕುಗ್ಗಿದಾಗ ಎಲ್ಲವೂ ಸುಮಾರು 3.9 ಪಟ್ಟು ಚಿಕ್ಕದಾಗುತ್ತವೆ. ತಂತಿ ಒಂದೂವರೆ ಪಿಕ್ಸೆಲ್ ಆಗುತ್ತದೆ. ಆಕಾಶದ ಬೆಳಕಿನೊಡನೆ ಬೆರೆತು ಅದರ ಕಪ್ಪು ಬಣ್ಣ ಬೂದಿಯಾಗುತ್ತದೆ. ಆದರೂ ಅದು ಇನ್ನೂ ಇದೆ. ಕಣ್ಣಿಗೆ ಕಾಣುತ್ತದೆ, ಜಾಲಕ್ಕೂ ಕಾಣಬಹುದು. ನಿಜವಾದ ತೊಂದರೆ ಉತ್ತರ ಬರೆಯುವ ಕಡೆಯಲ್ಲಿದೆ. ಸ್ಯಾಮ್ ತನ್ನ ಮಾಸ್ಕನ್ನು 1024 ಮನೆಗಳ ಪಟದಲ್ಲಿ ಬರೆಯುವುದಿಲ್ಲ. ಅದು ಬರೆಯುವುದು ಅಡ್ಡಕ್ಕೆ 256, ಉದ್ದಕ್ಕೆ 256 ಮನೆಗಳಿರುವ ಜಾಲರಿಯಲ್ಲಿ. ನಮ್ಮ ಫೋಟೋದ ಲೆಕ್ಕದಲ್ಲಿ ಒಂದು ಮನೆ ಸುಮಾರು 15.6 ಪಿಕ್ಸೆಲ್ ಅಗಲವಾಯಿತು. 6 ಪಿಕ್ಸೆಲ್‌ನ ತಂತಿ ಒಂದು ಮನೆಯ ಅರ್ಧಕ್ಕೂ ಕಡಿಮೆ.

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ಜಾಲರಿಯ ಮನೆಗಳಲ್ಲಿ ಇರುವುದು ಬರಿಯ 0 ಮತ್ತು 1 ಅಲ್ಲವಲ್ಲ? ಸರಿ, ಅಲ್ಲ. ಪ್ರತಿ ಮನೆಯಲ್ಲೂ ಒಂದು ದಶಮಾಂಶ ಸಂಖ್ಯೆ ಇರುತ್ತದೆ. ಧನ ಸಂಖ್ಯೆಯಾದರೆ 'ವಸ್ತು', ಋಣ ಸಂಖ್ಯೆಯಾದರೆ 'ಹಿನ್ನೆಲೆ'. ಈ ಜಾಲರಿಯನ್ನು ಮೂಲ ಚಿತ್ರದ ಅಳತೆಗೆ ಹಿಗ್ಗಿಸುವಾಗ ನೆರೆಯ ಮನೆಗಳ ನಡುವಿನ ಬೆಲೆಗಳನ್ನು ಸರಾಸರಿಯ ಲೆಕ್ಕದಿಂದ ತುಂಬಿ, ಆಮೇಲೆ ಸೊನ್ನೆಗಿಂತ ಹೆಚ್ಚಿರುವ ಜಾಗವನ್ನೆಲ್ಲ ವಸ್ತು ಎಂದು ಎಣಿಸಲಾಗುತ್ತದೆ. ಹಾಗಾಗಿ ಒಂದು ಮನೆಗಿಂತ ತೆಳ್ಳಗಿನ ಗೆರೆಯನ್ನೂ ಬರೆಯಲು ಸಾಧ್ಯವಿದೆ. ತಂತಿ ಹಾದುಹೋಗುವ ಮನೆಯ ಬೆಲೆ +1 ಇದ್ದು, ಎರಡೂ ಪಕ್ಕದ ಮನೆಗಳಲ್ಲಿ -4 ಇದ್ದರೆ, ಬೆಲೆ ಸೊನ್ನೆಯಾಗುವುದು ಮನೆಯ ಕೇಂದ್ರದಿಂದ ಐದನೇ ಒಂದು ಮನೆಯಷ್ಟು ದೂರದಲ್ಲಿ. ಎರಡೂ ಬದಿ ಸೇರಿ 0.4 ಮನೆ, ಅಂದರೆ ಸುಮಾರು 6 ಪಿಕ್ಸೆಲ್. ನಮ್ಮ ತಂತಿಯ ದಪ್ಪ ಸರಿಯಾಗಿ ಬಂತು!

ಆದರೆ ಇದು ನಡೆಯುವುದು ತಂತಿ ಮನೆಯ ಕೇಂದ್ರದ ಮೂಲಕವೇ ಹಾದುಹೋದಾಗ. ಓರೆಯಾಗಿ ಸಾಗುವ ತಂತಿ ಒಮ್ಮೆ ಕೇಂದ್ರದ ಮೇಲೆ, ಸ್ವಲ್ಪ ಮುಂದೆ ಎರಡು ಕೇಂದ್ರಗಳ ನಟ್ಟನಡುವೆ ಹಾದುಹೋಗುತ್ತದೆ. ನಡುವೆ ಹಾದುಹೋಗುವ ಕಡೆ ಯಂತ್ರ ಏನು ಬರೆಯಬೇಕು? ಎರಡೂ ಮನೆಗಳಿಗೆ ಋಣ ಬೆಲೆ ಕೊಟ್ಟರೆ ಅವುಗಳ ನಡುವಿನ ಯಾವ ಬೆಲೆಯೂ ಧನವಾಗಲಾರದು. ಎರಡು ಋಣ ಸಂಖ್ಯೆಗಳ ಸರಾಸರಿ ಎಂದಾದರೂ ಧನವಾದೀತೇ? ತಂತಿ ಅಲ್ಲಿ ಕಡಿಯುತ್ತದೆ. ಎರಡಕ್ಕೂ ಧನ ಬೆಲೆ ಕೊಟ್ಟರೆ ಗೆರೆ ಕನಿಷ್ಠ ಒಂದು ಇಡೀ ಮನೆಯಷ್ಟು, ಅಂದರೆ 16 ಪಿಕ್ಸೆಲ್‌ನಷ್ಟು ದಪ್ಪವಾಗುತ್ತದೆ. ಒಂದಕ್ಕೆ ಮಾತ್ರ ಕೊಟ್ಟರೆ ಗೆರೆ ತಂತಿಯಿಂದ ಪಕ್ಕಕ್ಕೆ ಸರಿಯುತ್ತದೆ. ಈ ಮೂರರಲ್ಲಿ ಯಾವುದೂ ಸರಿ ಉತ್ತರವಲ್ಲ. ಓರೆಯಾದ ತಂತಿ ಮಣಿಸರದಂತೆ ಒಮ್ಮೆ ಉಬ್ಬಿ ಒಮ್ಮೆ ಕಡಿದು ಕಾಣುವುದಕ್ಕೆ ಇದೇ ಕಾರಣ. ನರಜಾಲ ಎಷ್ಟೇ ಜಾಣನಾಗಿದ್ದರೂ ಈ ಜಾಲರಿಯಲ್ಲಿ ಬರೆಯುವವರೆಗೆ ಇದರಿಂದ ಬಿಡುಗಡೆ ಇಲ್ಲ. ಕಾಗೆ ಸಿಗುತ್ತದೆ, ತಂತಿ ಸಿಗುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. 60 ಪಿಕ್ಸೆಲ್ ಅಗಲದ ಕಾಗೆಯೊಳಗೆ ನಾಲ್ಕಾರು ಮನೆಗಳ ಕೇಂದ್ರಗಳು ಯಾವಾಗಲೂ ಬೀಳುತ್ತವೆ.

ಹುಲ್ಲಿಗೆ ಇದೇ ನಿಯಮ ತಲೆಕೆಳಗಾಗಿ ಅನ್ವಯಿಸುತ್ತದೆ. ಎರಡು ಎಸಳುಗಳ ನಡುವಿನ ಸಂದು ಮಾಸ್ಕಿನಲ್ಲಿ ಉಳಿಯಬೇಕಾದರೆ ಆ ಸಂದಿನಲ್ಲಿ ಋಣ ಬೆಲೆಯ ಮನೆಯೊಂದು ಇರಲೇಬೇಕು. ಸಂದು ಮನೆಗಿಂತ ಕಿರಿದಾದರೆ ಬಹಳ ಕಡೆ ಹಾಗೊಂದು ಮನೆ ಇರುವುದಿಲ್ಲ, ಸಂದು ಮುಚ್ಚಿಹೋಗುತ್ತದೆ. ತಂತಿ ಕಡಿಯುವುದೂ ಹುಲ್ಲು ಕಂಬಳಿಯಾಗುವುದೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು.

ಇದು ಜಾಲರಿಯ ಮಾತಾಯಿತು. ಎರಡನೆಯದು ತರಬೇತಿಯ ದತ್ತಾಂಶ. ಸ್ಯಾಮ್ ಕಲಿತದ್ದು 1.1 ಕೋಟಿ ಚಿತ್ರಗಳಿಂದ; ಅವುಗಳಲ್ಲಿ 110 ಕೋಟಿ ಮಾಸ್ಕ್‌ಗಳಿವೆ. ಇಷ್ಟು ದೊಡ್ಡ ಸಂಖ್ಯೆ ಕೇಳಿದ ಮೇಲೆ ಅದರಲ್ಲಿ ತಂತಿಗಳೂ ಹುಲ್ಲೂ ಬೇಕಾದಷ್ಟು ಇರಬೇಕು ಎನಿಸುತ್ತದೆ. ಚಿತ್ರಗಳಲ್ಲಿ ಇವೆ, ನಿಜ. ಮಾಸ್ಕ್‌ಗಳಲ್ಲಿ ಇವೆಯೇ ಎಂಬುದು ಪ್ರಶ್ನೆ. ಮಾಸ್ಕ್‌ಗಳನ್ನು ತಯಾರಿಸಿದ ಕ್ರಮವನ್ನು ರಚನಕಾರರೇ ವಿವರಿಸಿದ್ದಾರೆ. ಅದನ್ನು ಓದಿದರೆ ತೆಳು ವಸ್ತುಗಳು ಜರಡಿಯ ಮೇಲೆ ಜರಡಿಯಲ್ಲಿ ಸೋಸಿಹೋದದ್ದು ಕಾಣುತ್ತದೆ.

ಮೊದಲ ಜರಡಿ ಮನುಷ್ಯರದು. ಆರಂಭದ ಹಂತದಲ್ಲಿ ಕೆಲಸಗಾರರು ಸಾಧನದ ನೆರವಿನಿಂದ ವಸ್ತುಗಳ ಗಡಿ ಗುರುತಿಸುತ್ತಿದ್ದರು. ಎದ್ದು ಕಾಣುವ ವಸ್ತುವಿನಿಂದ ಆರಂಭಿಸಿ, ಒಂದು ಮಾಸ್ಕಿಗೆ 30 ಸೆಕೆಂಡಿಗಿಂತ ಹೆಚ್ಚು ಸಮಯ ಬೇಕಾಗತೊಡಗಿದರೆ ಮುಂದಿನ ಚಿತ್ರಕ್ಕೆ ಹೋಗಬಹುದೆಂದು ಅವರಿಗೆ ಹೇಳಲಾಗಿತ್ತು. ಕೆಲಸ ಸಾಗಬೇಕಲ್ಲ, ಅದನ್ನು ತಪ್ಪೆನ್ನಲಾಗದು. ಆದರೆ ಒಂದು ಹುಲ್ಲಿನ ಕುಚ್ಚಿನ ಎಸಳು ಎಸಳನ್ನು 30 ಸೆಕೆಂಡಿನಲ್ಲಿ ಯಾರು ಬಿಡಿಸಬಲ್ಲರು?

ಎರಡನೆಯ ಜರಡಿ ಯಂತ್ರದ್ದು, ಅದೇ ಮುಖ್ಯವಾದದ್ದು. 110 ಕೋಟಿ ಮಾಸ್ಕ್‌ಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಮನುಷ್ಯರು ಬಿಡಿಸಿದವಲ್ಲ. ಅಷ್ಟರಲ್ಲಿ ಸ್ವಲ್ಪ ಕಲಿತಿದ್ದ ಯಂತ್ರವೇ ಬಿಡಿಸಿದವು. ಚಿತ್ರದ ಮೇಲೆ 32 x 32 ಚುಕ್ಕೆಗಳ ರಂಗೋಲಿ ಇಟ್ಟಂತೆ ಒಂದೊಂದು ಚುಕ್ಕೆಯಲ್ಲೂ ಕ್ಲಿಕ್ ಮಾಡಿ ಬಂದ ಮಾಸ್ಕ್‌ಗಳನ್ನು ಸಂಗ್ರಹಿಸಲಾಯಿತು. (ಚಿಕ್ಕ ವಸ್ತುಗಳಿಗಾಗಿ ಚಿತ್ರದ ತುಣುಕುಗಳನ್ನು ಹಿಗ್ಗಿಸಿಯೂ ಹೀಗೆ ಮಾಡಿದ್ದಾರೆ, ಈ ಶ್ರಮವನ್ನು ಮೆಚ್ಚಬೇಕು.) ಯಂತ್ರ ಬಿಡಿಸಿದ್ದೆಲ್ಲ ಸರಿಯಿರಲಾರದು, ಕೆಟ್ಟವನ್ನು ಹೊರಹಾಕಬೇಕು. ಅದಕ್ಕೆ ಬಳಸಿದ ಪರೀಕ್ಷೆಗಳಲ್ಲಿ ಒಂದು 'ಸ್ಥಿರತೆ'ಯ ಪರೀಕ್ಷೆ. ಸೊನ್ನೆಯ ಬದಲು +1 ಅನ್ನು ಗಡಿಯಾಗಿ ಇಟ್ಟು ಒಂದು ಮಾಸ್ಕ್, -1 ಅನ್ನು ಇಟ್ಟು ಇನ್ನೊಂದು ಮಾಸ್ಕ್ ತೆಗೆದು ಎರಡನ್ನೂ ಹೋಲಿಸುವುದು. ಅವೆರಡಕ್ಕೂ ಸಾಮಾನ್ಯವಾದ ವಿಸ್ತೀರ್ಣವನ್ನು ಎರಡೂ ಸೇರಿ ಆವರಿಸುವ ವಿಸ್ತೀರ್ಣದಿಂದ ಭಾಗಿಸಿದಾಗ ಕನಿಷ್ಠ 0.95 ಬಂದರೆ ಪಾಸು, ಇಲ್ಲವಾದರೆ ಮಾಸ್ಕ್ ಕಸಕ್ಕೆ.

ಗಡಿ ಬೆಲೆಯನ್ನು ಹೀಗೆ ಸರಿಸಿದಾಗ ಮಾಸ್ಕಿನ ಅಂಚು ಪ್ರತಿ ಬದಿಯಲ್ಲೂ ಅರ್ಧ ಪಿಕ್ಸೆಲ್ ಒಳಗೋ ಹೊರಗೋ ಸರಿಯುತ್ತದೆ ಎನ್ನೋಣ. 500 ಪಿಕ್ಸೆಲ್ ಅಗಲದ ಪಟ್ಟಿ ಒಮ್ಮೆ 499, ಒಮ್ಮೆ 501 ಆಗುತ್ತದೆ, ಭಾಗಿಸಿದರೆ 0.996. ಸುಲಭವಾಗಿ ಪಾಸು. 6 ಪಿಕ್ಸೆಲ್ ಅಗಲದ ತಂತಿ ಒಮ್ಮೆ 5, ಒಮ್ಮೆ 7, ಭಾಗಿಸಿದರೆ 0.71. ನಪಾಸು. ಅಂಚಿನ ಅನಿಶ್ಚಯ ಎರಡರಲ್ಲೂ ಅಷ್ಟೇ ಇದ್ದರೂ ತಂತಿಗೆ ಮಾತ್ರ ಶಿಕ್ಷೆ! ತಂತಿಯ ಮಾಸ್ಕ್ ಸರಿಯಾಗಿಯೇ ಬಂದಿದ್ದರೂ ಅದು ಈ ಬಾಗಿಲಲ್ಲಿ ತಡೆಯಲ್ಪಡುವ ಸಂಭವ ಹೆಚ್ಚು. ಇದಾದ ಮೇಲೆ ಮೂರನೆಯ ಜರಡಿ: 100 ಪಿಕ್ಸೆಲ್‌ಗಿಂತ ಕಡಿಮೆ ವಿಸ್ತೀರ್ಣದ ಬಿಡಿ ತುಣುಕುಗಳನ್ನು ಅಳಿಸಿ, ಅಷ್ಟೇ ಚಿಕ್ಕ ತೂತುಗಳನ್ನು ಮುಚ್ಚಲಾಯಿತು. ಕಡಿದ ತಂತಿಯ ಮಣಿಗಳು ಅಳಿದವು, ಹುಲ್ಲಿನ ಸಣ್ಣ ಸಂದುಗಳು ಮುಚ್ಚಿದವು. ಹೀಗೆ ಸೋಸಿದ ದತ್ತಾಂಶದಿಂದ ಯಂತ್ರ ಮತ್ತೆ ಕಲಿಯಿತು. ವಸ್ತುಗಳೆಂದರೆ ಗಟ್ಟಿಯಾದ, ದುಂಡನೆಯ, ತೂತಿಲ್ಲದ ಆಕಾರಗಳು ಎಂದು ಅದು ನಂಬಿದರೆ ತಪ್ಪು ಅದರದಲ್ಲ.

ಈಗ ಮೂರನೆಯ ವಿಷಯಕ್ಕೆ, ಅಂದರೆ ಯಂತ್ರ ತನಗೆ ತಾನೇ ಹಾಕಿಕೊಳ್ಳುವ ಅಂಕಕ್ಕೆ ಬರೋಣ. ಮೇಲಿನ ಪರೀಕ್ಷೆಯಲ್ಲಿ ಮಾಡಿದ ಭಾಗಾಕಾರವೇ ಈ ಕ್ಷೇತ್ರದ ಪ್ರಸಿದ್ಧ ಅಳತೆಗೋಲು. ಯಂತ್ರ ಕೊಟ್ಟ ಮಾಸ್ಕ್ ಮತ್ತು ನಿಜವಾದ ಮಾಸ್ಕ್ ಎರಡಕ್ಕೂ ಸಾಮಾನ್ಯವಾದ ವಿಸ್ತೀರ್ಣವನ್ನು ಅವೆರಡರ ಒಟ್ಟು ವಿಸ್ತೀರ್ಣದಿಂದ ಭಾಗಿಸುವುದು. ಸೂತ್ರದಲ್ಲಿ ಇದನ್ನು `IoU` ಎಂದು ಬರೆಯುತ್ತಾರೆ. ಸ್ಯಾಮ್ ಪ್ರತಿ ಮಾಸ್ಕಿಗೂ ಈ ಬೆಲೆ ಎಷ್ಟಿರಬಹುದೆಂದು ಅಂದಾಜಿಸಿ ಹೇಳುವಂತೆ ತರಬೇತಿ ಪಡೆದಿದೆ. ಮೂರು ಮಾಸ್ಕ್‌ಗಳಲ್ಲಿ ಒಂದನ್ನು ಆರಿಸುವುದು ಈ ಅಂದಾಜಿನಿಂದಲೇ.

ನಮ್ಮ ಕಂಬವನ್ನು ತಂತಿಗಳ ಸಮೇತ ಆಯ್ಕೆ ಮಾಡಬೇಕಿದೆ ಎನ್ನಿ. ಕಂಬ 100 ಪಿಕ್ಸೆಲ್ ಅಗಲ, 1500 ಪಿಕ್ಸೆಲ್ ಎತ್ತರ, ವಿಸ್ತೀರ್ಣ 1,50,000. ಎರಡು ತಂತಿಗಳು, ಪ್ರತಿಯೊಂದೂ 1500 ಪಿಕ್ಸೆಲ್ ಉದ್ದ, 6 ಪಿಕ್ಸೆಲ್ ದಪ್ಪ. ಎರಡೂ ಸೇರಿ 18,000. ನಿಜವಾದ ಮಾಸ್ಕಿನ ವಿಸ್ತೀರ್ಣ 1,68,000. ಯಂತ್ರ ಕಂಬವನ್ನು ಕರಾರುವಾಕ್ಕಾಗಿ ಹಿಡಿದು, ತಂತಿಗಳನ್ನು ಪೂರ್ತಿ ಬಿಟ್ಟುಬಿಟ್ಟಿತು. ಅಂಕ ಎಷ್ಟು? 1,50,000 ಭಾಗಿಸು 1,68,000, ಅಂದರೆ 0.89. ಆ ದತ್ತಾಂಶ ತಯಾರಿಸುವಾಗ ಯಂತ್ರದ ಅಂದಾಜು 0.88 ದಾಟಿದ ಮಾಸ್ಕ್‌ಗಳನ್ನು ಉಳಿಸಿಕೊಂಡಿದ್ದರು. ಅಂಕವನ್ನು ಸರಿಯಾಗಿ ಅಂದಾಜಿಸುವ ಪರೀಕ್ಷಕ, ಒಂದೂ ತಂತಿಯಿಲ್ಲದ ಕಂಬವನ್ನು ಪಾಸು ಮಾಡುತ್ತಾನೆ.

ಇದರ ವಿರುದ್ಧ ಚಿತ್ರವನ್ನೂ ನೋಡಿ. ಯಂತ್ರ ಒಂದು ತಂತಿಯನ್ನು ಮೊದಲಿನಿಂದ ಕೊನೆಯವರೆಗೆ ಕಡಿಯದೆ, ಸರಿಯಾದ ದಪ್ಪದಲ್ಲಿ, ಆದರೆ 2 ಪಿಕ್ಸೆಲ್ ಪಕ್ಕಕ್ಕೆ ಸರಿದು ಬಿಡಿಸಿತು. ನೋಡುವವರ ಕಣ್ಣಿಗೆ ಅದು ಬಹುಮಟ್ಟಿಗೆ ಸರಿಯಾದ ತಂತಿಯೇ. ಸಾಮಾನ್ಯ ಭಾಗ 4, ಒಟ್ಟು 8, ಅಂಕ 0.5. ತಂತಿಯನ್ನು ಬಿಟ್ಟವನಿಗೆ 89, ಬಿಡಿಸಿದವನಿಗೆ 50! ವಿಸ್ತೀರ್ಣವನ್ನಷ್ಟೇ ಎಣಿಸುವ ಅಳತೆಗೋಲಿನ ಹಣೆಬರಹ ಇದು. ತಂತಿಯೆಂದರೆ ಬಹುತೇಕ ಅಂಚೇ, ಒಳಗು ಎಂಬುದು ಅದಕ್ಕಿಲ್ಲ. ಈ ಕುರುಡುತನ ಸಂಶೋಧಕರಿಗೆ ತಿಳಿಯದ್ದೇನಲ್ಲ. ಅಂಚಿನ ಸಮೀಪದ ಪಟ್ಟಿಯನ್ನು ಮಾತ್ರ ಎಣಿಸುವ ಬೇರೊಂದು ಅಳತೆಯನ್ನು 2021ರಲ್ಲೇ ಮಂಡಿಸಲಾಗಿತ್ತು. ಸ್ಯಾಮ್‌ನ ರಚನಕಾರರೂ ತಮ್ಮ ಪ್ರಬಂಧದ ಕೊನೆಯಲ್ಲಿ ಇದು ಸೂಕ್ಷ್ಮ ರಚನೆಗಳನ್ನು ಬಿಟ್ಟುಬಿಡಬಹುದು, ಹಿಗ್ಗಿಸಿ ನೋಡುವ ಭಾರದ ವಿಧಾನಗಳಷ್ಟು ಹರಿತವಾದ ಅಂಚು ಕೊಡುವುದಿಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ. ಸಾಧನವಾಗಿ ಬಳಸುವವರ ಕೈಗೆ ಬರುವ ಹೊತ್ತಿಗೆ ಆ ಸಾಲು ಉಳಿದಿರುವುದಿಲ್ಲ ಎಂಬುದೇ ನನ್ನ ದೂರು.

ಹಳೆಯ ಸಾಧನಗಳು ಇದಕ್ಕಿಂತ ಮೇಲಿದ್ದವೇ ಎಂದು ಕೇಳಿದರೆ, ಇಲ್ಲ. 2004ರಲ್ಲಿ ಬಂದ 'ಗ್ರ್ಯಾಬ್‌ಕಟ್' ವಿಧಾನ ಬಣ್ಣಗಳ ವ್ಯತ್ಯಾಸ ನೋಡಿ ಗಡಿ ಎಳೆಯುತ್ತಿತ್ತು, ಜೊತೆಗೆ ಗಡಿಯ ಉದ್ದಕ್ಕೆ ದಂಡ ವಿಧಿಸುತ್ತಿತ್ತು. ತಂತಿಯದು ಸ್ವಲ್ಪ ವಿಸ್ತೀರ್ಣ, ಬಹಳ ಉದ್ದದ ಗಡಿ. ದಂಡ ಕಟ್ಟುವುದಕ್ಕಿಂತ ತಂತಿಯನ್ನು ಬುಡದಲ್ಲೇ ಕತ್ತರಿಸುವುದು ಅದಕ್ಕೆ ಅಗ್ಗವಾಗುತ್ತಿತ್ತು. ಕಾರಣ ಬೇರೆ, ಬಲಿಯಾದದ್ದು ಮಾತ್ರ ಅದೇ ತಂತಿ.

ಅಲಂಕಾರದ ಫೋಟೋದಲ್ಲಿ ತಂತಿ ಕಡಿದರೆ ಯಾರಿಗೂ ನಷ್ಟವಿಲ್ಲ. ಮಾಸ್ಕನ್ನು ಅಳತೆಗೆ ಬಳಸಿದಾಗ ಮಾತು ಬೇರೆ. ಕೃಷಿ ಪದವಿಯ ವಿದ್ಯಾರ್ಥಿಯೊಬ್ಬಳು ಎರಡು ಗೊಬ್ಬರಗಳ ಪರಿಣಾಮ ಹೋಲಿಸಲು ರಾಗಿ ಸಸಿಗಳ ಮೇಲಿನಿಂದ ಫೋಟೋ ತೆಗೆದು, ಒಂದೊಂದು ಬುಡದ ಮೇಲೂ ಕ್ಲಿಕ್ ಮಾಡಿ ಎಲೆಯ ವಿಸ್ತೀರ್ಣ ಎಣಿಸುತ್ತಾಳೆ ಎಂದಿಟ್ಟುಕೊಳ್ಳಿ. ಫೋಟೋ ಅದೇ 4000 x 3000. ಒಂದು ಎಲೆಯ ಅಗಲ 20 ಪಿಕ್ಸೆಲ್, ಎಲೆಗಳ ನಡುವಿನ ಸಂದು 10 ಪಿಕ್ಸೆಲ್. ಪಕ್ಕಪಕ್ಕದಲ್ಲಿ ಐದು ಎಲೆಗಳಿರುವ ಕಡೆ ನಿಜವಾದ ಎಲೆ 100 ಪಿಕ್ಸೆಲ್. ನಾಲ್ಕೂ ಸಂದು ಮುಚ್ಚಿದರೆ ಮಾಸ್ಕ್ 140 ಎನ್ನುತ್ತದೆ, ಶೇಕಡಾ 40 ಹೆಚ್ಚು. ಇನ್ನೊಂದೆಡೆ, ದೂರ ದೂರ ಚಾಚಿದ ಎಲೆಗಳ ಚೂಪಾದ ತುದಿಗಳು ಕಳೆದುಹೋಗಿ ಲೆಕ್ಕ ಕಡಿಮೆಯಾಗುತ್ತದೆ. ಒಂದು ಹೆಚ್ಚು, ಒಂದು ಕಡಿಮೆ, ಸರಿಹೋಯಿತು ಎನ್ನುವಂತಿಲ್ಲ. ಒತ್ತಾಗಿ ಬೆಳೆದ ಸಸಿಗೆ ಇಲ್ಲದ ಎಲೆ ಸೇರುತ್ತದೆ, ವಿರಳವಾಗಿ ಬೆಳೆದ ಸಸಿಯಿಂದ ಇರುವ ಎಲೆ ಹೋಗುತ್ತದೆ. ಆಕೆ ಅಳೆಯಬೇಕೆಂದಿದ್ದ ವ್ಯತ್ಯಾಸವನ್ನೇ ಸಾಧನ ಉಬ್ಬಿಸಿ ತೋರಿಸುತ್ತದೆ. ಎಷ್ಟು ಫೋಟೋ ತೆಗೆದು ಸರಾಸರಿ ಮಾಡಿದರೂ ಇಂಥ ದೋಷ ಹೋಗುವುದಿಲ್ಲ, ಏಕೆಂದರೆ ಅದು ಪ್ರತಿ ಫೋಟೋದಲ್ಲೂ ಒಂದೇ ದಿಕ್ಕಿಗೆ ವಾಲುತ್ತದೆ.

ಇಂಥ ತಪ್ಪನ್ನು ಕಂಡುಹಿಡಿಯುವುದು ಹೇಗೆ? ಮೊದಲನೆಯದಾಗಿ ಯಂತ್ರದ ಅಂಕವನ್ನು ನಂಬಬೇಡಿ. ಚಿತ್ರವನ್ನು ಪರದೆಯ ಅಳತೆಗೆ ಕುಗ್ಗಿಸಿ ನೋಡಿದರೆ ಸಾಲದು. ಒಂದು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಎಂಬಂತೆ ಹಿಗ್ಗಿಸಿ, ಮಾಸ್ಕಿನ ಅಂಚಿನ ಗುಂಟ ಸಾಗಬೇಕು. ತಂತಿಯ ವಿಷಯದಲ್ಲಿ ಇನ್ನೂ ಸರಳವಾದ ಪರೀಕ್ಷೆಯೊಂದಿದೆ. ಒಂದೇ ತಂತಿಯನ್ನು ಆಯ್ಕೆ ಮಾಡಿದ್ದರೆ ಮಾಸ್ಕಿನಲ್ಲಿ ಬಿಡಿ ತುಣುಕು ಒಂದೇ ಇರಬೇಕು. ಪೈಥಾನ್ ಬಲ್ಲವರು ಹೀಗೆ ಎಣಿಸಬಹುದು:

```
n, labels = cv2.connectedComponents(mask.astype("uint8"))
print(n - 1)
```

ಹಿನ್ನೆಲೆಯನ್ನೂ ಒಂದಾಗಿ ಎಣಿಸುವುದರಿಂದ ಒಂದನ್ನು ಕಳೆದಿದೆ. ಉತ್ತರ 1ರ ಬದಲು 14 ಬಂದರೆ ತಂತಿ ಹದಿಮೂರು ಕಡೆ ಕಡಿದಿರಬಹುದು, ಇಲ್ಲವೇ ಸಂಬಂಧವಿಲ್ಲದ ಚೂರುಗಳು ಸೇರಿಕೊಂಡಿರಬಹುದು. ಎರಡೂ ನೋಡಬೇಕಾದವೇ. (ತಂತಿಯ ಮುಂದೆ ಕೊಂಬೆಯೊಂದು ಅಡ್ಡ ಬಂದಿದ್ದರೆ ಅಲ್ಲಿ ಕಡಿಯುವುದು ನ್ಯಾಯವೇ, ಅದನ್ನು ಲೆಕ್ಕದಿಂದ ಬಿಡಿ.) ಸಸಿಗಳಿಗಾದರೆ ನಾಲ್ಕಾರು ಬುಡಗಳನ್ನು ಆರಿಸಿ, ಎಲೆಯ ಅಂಚನ್ನು ಕೈಯಿಂದ ಎಳೆದು ವಿಸ್ತೀರ್ಣ ತೆಗೆದು ಹೋಲಿಸಬೇಕು. ಒತ್ತಾದ ಬುಡ, ವಿರಳ ಬುಡ ಎರಡನ್ನೂ ಆರಿಸಿಕೊಳ್ಳುವುದು ಮುಖ್ಯ.

ಪರಿಹಾರಗಳಲ್ಲಿ ಮೊದಲನೆಯದು ಕತ್ತರಿ. ಇಡೀ ಫೋಟೋ ಕೊಡುವ ಬದಲು 1000 x 750 ಪಿಕ್ಸೆಲ್‌ನ ತುಣುಕು ಕತ್ತರಿಸಿ ಕೊಟ್ಟರೆ ಜಾಲರಿಯ ಒಂದು ಮನೆ ಸುಮಾರು 4 ಪಿಕ್ಸೆಲ್ ಆಗುತ್ತದೆ. 6 ಪಿಕ್ಸೆಲ್ ತಂತಿ ಒಂದೂವರೆ ಮನೆಯಷ್ಟಾಗಿ, ಕಡಿಯುವ ಅನಿವಾರ್ಯತೆ ತಪ್ಪುತ್ತದೆ. ಕ್ಲಿಕ್ಕೂ ಸುಲಭವಾಗುತ್ತದೆ. 4000 ಪಿಕ್ಸೆಲ್ ಚಿತ್ರವನ್ನು 1200 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ನೋಡುವಾಗ ತಂತಿ ಎರಡು ಪಿಕ್ಸೆಲ್‌ಗೂ ಕಡಿಮೆ. ಕೈ ಸ್ವಲ್ಪ ಅಲುಗಿದರೂ ಕ್ಲಿಕ್ ಬೀಳುವುದು ಆಕಾಶದ ಮೇಲೆ. ಆರಂಭದಲ್ಲಿ ಹೇಳಿದ, ಇಡೀ ಆಕಾಶ ಆಯ್ಕೆಯಾಗುವ ಪ್ರಸಂಗ ಎಷ್ಟೋ ಸಲ ಇದರಿಂದಲೇ. ಆದರೆ ಕತ್ತರಿಗೂ ಬೆಲೆಯಿದೆ. ಇಡೀ ಚಿತ್ರಕ್ಕೆ 16 ತುಣುಕು. ಭಾರದ ಹಂತ 16 ಸಲ ನಡೆಯಬೇಕು, ತಂತಿ ಹಾಯುವ ಪ್ರತಿ ತುಣುಕಿನಲ್ಲೂ ಮತ್ತೆ ಕ್ಲಿಕ್ ಮಾಡಬೇಕು. ತುಣುಕಿನಲ್ಲಿ ಕಂಬವೇ ಕಾಣದಿರುವಾಗ ಆ ಕಪ್ಪು ಗೆರೆ ತಂತಿಯೋ ಒಣ ರೆಂಬೆಯೋ ಎಂದು ಯಂತ್ರಕ್ಕೆ ತಿಳಿಯುವ ದಾರಿಯೂ ಕಡಿಮೆ. ಅಲ್ಲದೆ ಕತ್ತರಿ ವಾಸಿ ಮಾಡುವುದು ಜಾಲರಿಯ ದೋಷವನ್ನು ಮಾತ್ರ, ದತ್ತಾಂಶದಿಂದ ಕಲಿತ ಅಭ್ಯಾಸವನ್ನಲ್ಲ.

ಆ ಅಭ್ಯಾಸವನ್ನು ತಿದ್ದಲು 2023ರಲ್ಲೇ ಒಂದು ಪ್ರಯತ್ನ ನಡೆಯಿತು. 'ಎಚ್‌ಕ್ಯು-ಸ್ಯಾಮ್' ಎಂಬ ರೂಪದಲ್ಲಿ, ಮೂಲ ಜಾಲವನ್ನು ಮುಟ್ಟದೆ, ಅದಕ್ಕೆ ಒಂದು ಚಿಕ್ಕ ಭಾಗ ಸೇರಿಸಿ, ಸೂಕ್ಷ್ಮವಾಗಿ ಗುರುತಿಸಿದ ಸುಮಾರು 44 ಸಾವಿರ ಮಾಸ್ಕ್‌ಗಳಿಂದ ಕಲಿಸಿದರು. ಜಾಲದ ಆರಂಭದ ಪದರಗಳಲ್ಲಿ ಇನ್ನೂ ಉಳಿದಿರುವ ಅಂಚಿನ ವಿವರವನ್ನೂ ಬಳಸಿಕೊಂಡರು. ಗಾಳಿಪಟದ ದಾರದಂಥವು ಮೂಲ ಸ್ಯಾಮ್‌ಗಿಂತ ಚೆನ್ನಾಗಿ ಬಂದವು. 110 ಕೋಟಿಯಿಂದ ಆಗದ್ದು 44 ಸಾವಿರದಿಂದ ಆಯಿತು ಎಂಬುದು, ಕೊರತೆ ಇದ್ದದ್ದು ಸಂಖ್ಯೆಯಲ್ಲಲ್ಲ, ಜರಡಿಯಲ್ಲಿ ಎಂಬ ಮಾತನ್ನು ಗಟ್ಟಿ ಮಾಡುತ್ತದೆ. ಆದರೆ ಅಲ್ಲಿಯೂ ಉತ್ತರ ಬರೆಯುವ ಜಾಲರಿ 256 ಮನೆಗಳದ್ದೇ. 2024ರಲ್ಲಿ ಬಂದ 'ಸ್ಯಾಮ್ 2' ಕೂಡ ಆರಂಭದ ಪದರಗಳ ವಿವರವನ್ನು ಕೊನೆಯ ಹಂತಕ್ಕೆ ನೇರವಾಗಿ ಒಯ್ಯುತ್ತದೆ. ಆದರೂ ವಿಡಿಯೋದಲ್ಲಿ ವೇಗವಾಗಿ ಚಲಿಸುವ ತೆಳು ವಸ್ತುಗಳನ್ನು ಹಿಂಬಾಲಿಸುವುದು ಕಷ್ಟ ಎಂದು ಅದರ ರಚನಕಾರರು ಬರೆದಿದ್ದಾರೆ.

ತಂತಿಯಷ್ಟೇ ಬೇಕಿದ್ದವರಿಗೆ ಈ ದೊಡ್ಡ ಯಂತ್ರವೇ ಬೇಕೆಂದಿಲ್ಲ. ರಕ್ತನಾಳಗಳನ್ನು ಗುರುತಿಸಲು 1998ರಲ್ಲಿ ಫ್ರಾಂಜಿ ಮತ್ತು ಸಂಗಡಿಗರು ಮಂಡಿಸಿದ ಸೋಸುವಿಕೆಯ ಸೂತ್ರ, ಒಂದು ದಿಕ್ಕಿನಲ್ಲಿ ಉದ್ದಕ್ಕೂ ಒಂದೇ ತೆರನಾಗಿದ್ದು ಅಡ್ಡಲಾಗಿ ಥಟ್ಟನೆ ಬದಲಾಗುವ ಜಾಗಗಳನ್ನು ಹುಡುಕುತ್ತದೆ. ಬೆಳಕಿನ ಆಕಾಶದ ಎದುರಿನ ಕಪ್ಪು ತಂತಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಮರದ ಎದುರು ಹಾಯುವ ತಂತಿಯಲ್ಲಿ ಮಾತ್ರ ಸೋಲುತ್ತದೆ, ರೆಂಬೆಗಳನ್ನೂ ತಂತಿಯೆಂದು ಎಣಿಸಿ.

ಹುಲ್ಲಿನಲ್ಲಿ ಇನ್ನೊಂದು ತೊಡಕಿದೆ, ಅದು ಯಾವ ಜಾಲರಿಯಿಂದಲೂ ಬಗೆಹರಿಯುವುದಿಲ್ಲ. ಎಸಳಿನ ತುದಿ ಒಂದು ಪಿಕ್ಸೆಲ್‌ಗಿಂತ ತೆಳ್ಳಗಾದಾಗ ಆ ಪಿಕ್ಸೆಲ್‌ನಲ್ಲಿ ಹುಲ್ಲೂ ಆಕಾಶವೂ ಬೆರೆತಿರುತ್ತವೆ. ಹುಲ್ಲಿನ ಕೆಂಪು, ಹಸಿರು, ನೀಲಿ ಬೆಲೆಗಳು 60, 120, 40. ಆಕಾಶದವು 180, 210, 240 ಎನ್ನಿ. ಅರ್ಧರ್ಧ ಬೆರೆತ ಪಿಕ್ಸೆಲ್ 120, 165, 140 ಆಗುತ್ತದೆ. ಇದಕ್ಕೆ 1 ಕೊಡಬೇಕೋ 0 ಕೊಡಬೇಕೋ? 1 ಕೊಟ್ಟು ಆ ಹುಲ್ಲನ್ನು ಕಪ್ಪು ಹಿನ್ನೆಲೆಯ ಮೇಲೆ ಅಂಟಿಸಿದರೆ ತುದಿಗಳ ಸುತ್ತ ಮಸುಕಾದ ಬಿಳಿ ಅಂಚು ಹೊಳೆಯುತ್ತದೆ. 0 ಕೊಟ್ಟರೆ ತುದಿಯೇ ಹೋಗುತ್ತದೆ. ಇದಕ್ಕೆ ಬೇಕಾದದ್ದು 0.5 ಎಂಬ ಉತ್ತರ, ಮಾಸ್ಕ್ ಅದನ್ನು ಕೊಡಲಾರದು. ಪ್ರತಿ ಪಿಕ್ಸೆಲ್‌ಗೂ ವಸ್ತುವಿನ ಪಾಲೆಷ್ಟು ಎಂದು ಲೆಕ್ಕ ಹಾಕುವ ವಿಧಾನಕ್ಕೆ 'ಮ್ಯಾಟಿಂಗ್' ಎಂದು ಹೆಸರು. ಮಾಸ್ಕಿನ ಅಂಚನ್ನು ಒಳಕ್ಕೂ ಹೊರಕ್ಕೂ ಸ್ವಲ್ಪ ಅಗಲಿಸಿ ಒಂದು 'ಅನಿಶ್ಚಿತ' ಪಟ್ಟಿ ಮಾಡಿ, ಆ ಪಟ್ಟಿಯಲ್ಲಿ ಮಾತ್ರ ಮ್ಯಾಟಿಂಗ್ ನಡೆಸುವುದು ಈಗಿನ ರೂಢಿ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಎಸಳು ಆ ಪಟ್ಟಿಯೊಳಗೆ ಇದ್ದರೆ. ಮಾಸ್ಕ್ ಮೊದಲೇ ಪೂರ್ತಿ ಬಿಟ್ಟುಬಿಟ್ಟ ಎಸಳು ಪಟ್ಟಿಯಿಂದ ಹೊರಗೆ 'ಖಚಿತ ಹಿನ್ನೆಲೆ'ಯಲ್ಲಿ ಉಳಿಯುತ್ತದೆ. ಅಲ್ಲಿ ಮ್ಯಾಟಿಂಗ್ ತಿರುಗಿಯೂ ನೋಡುವುದಿಲ್ಲ. ಪಟ್ಟಿಯನ್ನು ಕುಂಚದಿಂದ ಕೈಯಾರೆ ಅಗಲಿಸಿ ಆ ಎಸಳನ್ನು ಒಳಗೆ ತರಬೇಕು.